ಮಂಗಳೂರಿನವರಿಗೆ ಹುಬ್ಬಳ್ಳಿಯ ಲೆಕ್ಕ ಕಂಡ ದಿನ

ಸೋಮವಾರ ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಮಂಗಳೂರಿನ ರೀಜನಲ್ ಮ್ಯಾನೇಜರ್. "ನೀವು ಕಳಿಸಿದ ಡ್ಯಾಶ್‌ಬೋರ್ಡ್ ಚೆನ್ನಾಗುಂಟು. ಆದ್ರೆ ಇದ್ರಲ್ಲಿ ಹುಬ್ಬಳ್ಳಿ ಡೀಲರ್‌ಗಳ ಡಿಸ್ಕೌಂಟ್ ಕೂಡ ಕಾಣ್ತಾ ಉಂಟು ಮಾರಾಯ್ರೆ. ನಾನು ನೋಡ್ಬಹುದಾ ಇದನ್ನು?"

ಅವರು ನೋಡಬಾರದಿತ್ತು. ಅದಕ್ಕಾಗಿಯೇ ನಾನು ಎರಡು ವಾರ ಕೆಲಸ ಮಾಡಿದ್ದೆ.

ನಮ್ಮದು ಪಂಪ್‌ಸೆಟ್ ಮಾರುವ ಕಂಪನಿ. ರಾಜ್ಯವನ್ನು ಆರು ರೀಜನ್ ಮಾಡಿಕೊಂಡಿದ್ದೇವೆ. ಮೊದಲು ತಿಂಗಳಿಗೊಮ್ಮೆ ಆರು ಎಕ್ಸೆಲ್ ಫೈಲ್ ಮಾಡಿ ಆರು ಜನಕ್ಕೆ ಮೇಲ್ ಮಾಡುತ್ತಿದ್ದೆವು. ಅದರ ಬದಲು ಮೈಕ್ರೋಸಾಫ್ಟ್‌ನ ರಿಪೋರ್ಟ್ ಮಾಡುವ ಸಾಫ್ಟ್‌ವೇರ್ ಪವರ್ ಬಿಐನಲ್ಲಿ ಒಂದೇ ಡ್ಯಾಶ್‌ಬೋರ್ಡ್ ಇರಲಿ, ಅವರವರು ತೆರೆದಾಗ ಅವರವರ ರೀಜನ್ ಮಾತ್ರ ಕಾಣಲಿ ಎಂದು ತೀರ್ಮಾನವಾಯಿತು. ಹೀಗೆ ಸಾಲು ಸಾಲಾಗಿ ಬೇಲಿ ಹಾಕುವುದಕ್ಕೆ ರೋ ಲೆವೆಲ್ ಸೆಕ್ಯುರಿಟಿ ಎನ್ನುತ್ತಾರೆ. ಟೇಬಲ್ ಒಂದೇ. ಯಾರು ಲಾಗಿನ್ ಆಗಿದ್ದಾರೋ ಅವರಿಗೆ ಸಂಬಂಧಿಸಿದ ಸಾಲುಗಳು ಮಾತ್ರ ಅವರಿಗೆ ಸಿಗುತ್ತವೆ.

ಬೇರೆಯವರ ಮಾರಾಟ ಕಂಡರೆ ಏನಾಯಿತು ಎಂದು ಅನಿಸಬಹುದು. ಮಾರಾಟದ ಮೊತ್ತ ಕಂಡರೆ ದೊಡ್ಡ ವಿಷಯವಲ್ಲ. ಡೀಲರ್‌ಗೆ ಕೊಡುವ ಡಿಸ್ಕೌಂಟ್ ಹಾಗಲ್ಲ. ನಮ್ಮ ಕೆಲವು ಡೀಲರ್‌ಗಳಿಗೆ ಎರಡು ರೀಜನ್‌ಗಳಲ್ಲಿ ಅಂಗಡಿಗಳಿವೆ. ಅಲ್ಲಿ ಜಾಸ್ತಿ ಕೊಟ್ಟಿದ್ದಾರೆ ಎಂಬ ಮಾತು ಹೊರಗೆ ಹೋದರೆ ಮಾರನೆಯ ದಿನವೇ ಇಲ್ಲಿಯೂ ಅದೇ ರೇಟ್ ಕೇಳುತ್ತಾರೆ. ಹುಬ್ಬಳ್ಳಿಯ ಮ್ಯಾನೇಜರ್ ವರ್ಷಗಟ್ಟಲೆ ಕೂತು ಮಾತಾಡಿ ಕುದುರಿಸಿದ ಲೆಕ್ಕ ಅದು. ಅದನ್ನು ನಾನು ಬೇರೆಯವರ ಸ್ಕ್ರೀನಿನಲ್ಲಿ ತೆರೆದಿಟ್ಟಿದ್ದೆ.

ಹತ್ತು ಗಂಟೆಗೆ ರಿವ್ಯೂ ಮೀಟಿಂಗ್ ಇತ್ತು. ಮಂಗಳೂರಿನವರಿಗೆ ದಯವಿಟ್ಟು ರಿಪೋರ್ಟ್ ಮುಚ್ಚಿ ಎಂದು ಹೇಳಿ ಲ್ಯಾಪ್‌ಟಾಪ್ ತೆರೆದೆ.

ಮೊದಲು ಅನುಮಾನ ಬಂದದ್ದು ನಾನು ಬರೆದ ಫಿಲ್ಟರ್ ಮೇಲೆ. ಯಾವ ಲಾಗಿನ್‌ಗೆ ಯಾವ ರೀಜನ್ ಎಂದು ತಿಳಿಸುವ ಒಂದು ಚಿಕ್ಕ ಟೇಬಲ್ ಮಾಡಿದ್ದೆ. ಅದಕ್ಕೆ ಎರಡೇ ಕಾಲಂ. ಒಬ್ಬರೇ ಎರಡು ರೀಜನ್ ನೋಡಿಕೊಳ್ಳುತ್ತಿದ್ದರೆ ಅವರ ಹೆಸರಲ್ಲಿ ಎರಡು ಸಾಲು. ಆಮೇಲೆ Manage roles ಒಳಗೆ, ತನ್ನಲ್ಲಿ ಹೆಸರಿದ್ದವರಿಗೆ ಏನು ಕಾಣಬೇಕು ಎಂದು ಹೇಳುವ ಒಂದು ರೋಲ್ ಮಾಡಿ, ರೀಜನ್ ಟೇಬಲ್ ಮೇಲೆ ಇದನ್ನು ಹಾಕಿದ್ದೆ:

```
Region[Code] IN
    SELECTCOLUMNS(
        FILTER(
            UserRegion,
            UserRegion[Login] = USERPRINCIPALNAME()
        ),
        "Code", UserRegion[Code]
    )
```

ಲಾಗಿನ್ ಆದವರ ಹೆಸರಿನ ಮುಂದೆ ಯಾವ ರೀಜನ್‌ಗಳಿವೆಯೋ ಅವು ಮಾತ್ರ ಉಳಿಯುತ್ತವೆ ಎಂದು ಇದರ ಅರ್ಥ. ರೀಜನ್‌ನಿಂದ ಡೀಲರ್‌ಗೆ, ಡೀಲರ್‌ನಿಂದ ಮಾರಾಟಕ್ಕೆ ಸಂಬಂಧ ಹಾಕಿದ್ದರಿಂದ ಮೇಲೆ ಹಾಕಿದ ಫಿಲ್ಟರ್ ಕೆಳಗಿನವರೆಗೂ ಇಳಿಯುತ್ತದೆ. ಈ ಕ್ರಮ ಮುಖ್ಯ. ರೀಜನ್ ಮತ್ತು ಡೀಲರ್ ಎರಡನ್ನೂ ನೇರವಾಗಿ ಮಾರಾಟಕ್ಕೆ ಕಟ್ಟಿದ್ದರೆ ಮಾರಾಟ ಮುಚ್ಚಿಕೊಂಡರೂ ರಿಪೋರ್ಟಿನಲ್ಲಿ ಬೇಕಾದ್ದನ್ನು ಆರಿಸುವ ಪಟ್ಟಿಯಾದ ಸ್ಲೈಸರ್‌ನಲ್ಲಿ ರಾಜ್ಯದ ಎಲ್ಲ ಡೀಲರ್‌ಗಳ ಹೆಸರು ಹಾಗೇ ಕಾಣಬಹುದು.

ಡೆಸ್ಕ್‌ಟಾಪ್‌ನಲ್ಲಿ View as ಒತ್ತಿ ಮಂಗಳೂರಿನವರ ಲಾಗಿನ್ ಹಾಕಿದೆ. ಮಂಗಳೂರು ಮಾತ್ರ ಕಂಡಿತು. ಫಿಲ್ಟರ್ ಸರಿ ಇತ್ತು. ವೆಬ್‌ನಲ್ಲಿ ಮಾಡೆಲ್‌ನ, ಅಂದರೆ ಈ ಟೇಬಲ್‌ಗಳೂ ಅವುಗಳ ಸಂಬಂಧಗಳೂ ಸೇರಿದ ಕಟ್ಟಿನ, Security ಪುಟಕ್ಕೆ ಹೋಗಿ Test as role ಮಾಡಿದೆ. ಅಲ್ಲಿಯೂ ಮಂಗಳೂರು ಮಾತ್ರ. ರೋಲ್‌ನಲ್ಲಿ ಆರೂ ಜನರ ಹೆಸರಿತ್ತು. ನನ್ನ ಕಡೆ ಎಲ್ಲ ಸರಿ, ಅವರ ಸ್ಕ್ರೀನಿನಲ್ಲಿ ಮಾತ್ರ ಇಡೀ ರಾಜ್ಯ!

ಒಂಬತ್ತು ಗಂಟೆಗೆ ಅವರಿಗೆ ಮತ್ತೆ ಫೋನ್ ಮಾಡಿ ಸ್ಕ್ರೀನ್ ಶೇರ್ ಮಾಡಲು ಕೇಳಿದೆ. ರಿಪೋರ್ಟ್ ತೆರೆದರು. ಅಂಕಿಗಳನ್ನು ನೋಡುವ ಮೊದಲೇ ಮೇಲಿನ ಸಾಲಿನಲ್ಲಿ ಒಂದು ಬಟನ್ ಕಣ್ಣಿಗೆ ಬಿತ್ತು: Edit. ಸುಮ್ನೆ ಓದುವವರಿಗೆ ಆ ಬಟನ್ ಬರುವುದಿಲ್ಲ.

ರಿಪೋರ್ಟ್ ಮತ್ತು ಮಾಡೆಲ್ ಇಟ್ಟಿರುವ ವರ್ಕ್‌ಸ್ಪೇಸ್‌ನಲ್ಲಿ Manage access ತೆರೆದೆ. ರೀಜನಲ್ ಮ್ಯಾನೇಜರ್‌ಗಳ ಮೇಲ್ ಗ್ರೂಪ್ Contributor ಆಗಿ ಕೂತಿತ್ತು. ಶನಿವಾರ ಸಂಜೆ ಒಬ್ಬರು ಚಾರ್ಟ್‌ನ ಬಣ್ಣ ಬದಲಿಸಬೇಕು ಎಂದು ಕೇಳಿದ್ದರಂತೆ. ನಮ್ಮ ತಂಡದವರೊಬ್ಬರು ಒಳ್ಳೆಯ ಮನಸ್ಸಿನಿಂದ ಇಡೀ ಗ್ರೂಪಿಗೆ ಅನುಮತಿ ಕೊಟ್ಟುಬಿಟ್ಟಿದ್ದರು.

ಇಲ್ಲಿರುವ ನಿಯಮವನ್ನು ನಾನು ಓದಿದ್ದೆ, ಆದರೆ ಆ ಗಳಿಗೆಯಲ್ಲಿ ನೆನಪಾಗಿರಲಿಲ್ಲ. ವರ್ಕ್‌ಸ್ಪೇಸ್‌ನಲ್ಲಿ Admin, Member, Contributor ಈ ಮೂವರಿಗೂ ಮಾಡೆಲ್ ತಿದ್ದುವ ಹಕ್ಕಿರುತ್ತದೆ. ತಿದ್ದುವ ಹಕ್ಕಿದ್ದವರಿಗೆ ಸಾಲಿನ ಬೇಲಿ ಅನ್ವಯಿಸುವುದೇ ಇಲ್ಲ. Viewer‌ನಂತೆ ಬರೀ ಓದುವ ಹಕ್ಕಿರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ರೋಲ್‌ನಲ್ಲಿ ಹೆಸರಿದ್ದರೂ Contributor ಆದವರಿಗೆ ಪೂರ್ತಿ ಡೇಟಾ ತೆರೆದುಕೊಳ್ಳುತ್ತದೆ. ನನ್ನ ಎರಡೂ ಪರೀಕ್ಷೆಗಳು ಯಾಕೆ ಮೋಸ ಮಾಡಿದವು ಎಂದು ಆಗ ತಿಳಿಯಿತು. ಅವು ರೋಲ್ ಹಾಕಿದರೆ ಏನು ಕಾಣುತ್ತದೆ ಎಂದು ತೋರಿಸುತ್ತವೆ. ಆ ವ್ಯಕ್ತಿಗೆ ರೋಲ್ ನಿಜವಾಗಿ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅದು ಗೊತ್ತಾಗುವುದು ಅವರದೇ ಲಾಗಿನ್‌ನಲ್ಲಿ, ಅವರದೇ ಸ್ಕ್ರೀನಿನಲ್ಲಿ.

ಗ್ರೂಪನ್ನು ವರ್ಕ್‌ಸ್ಪೇಸ್‌ನಿಂದಲೇ ತೆಗೆದೆ. ಆ್ಯಪ್ ಆಗಿ ಪಬ್ಲಿಷ್ ಮಾಡಿ, ಆರೂ ಜನಕ್ಕೆ ಆ್ಯಪ್‌ನಲ್ಲಿ ಮಾತ್ರ ಓದುವ ಅನುಮತಿ ಕೊಟ್ಟೆ. ಮಂಗಳೂರಿನವರು ಸೈನ್ ಔಟ್ ಆಗಿ ಮತ್ತೆ ಬಂದರು. "ಈಗ ನಮ್ಮದು ಮಾತ್ರ" ಎಂದರು. ಆಗ ಒಂಬತ್ತೂ ನಲವತ್ತು.

ಒಂಬತ್ತೂ ಐವತ್ತಕ್ಕೆ ಮೈಸೂರಿನ ಮ್ಯಾನೇಜರ್ ಮೆಸೇಜ್ ಮಾಡಿದರು: "ಸರ್, ಎಲ್ಲಾ ಖಾಲಿ ಬರ್ತಿದೆ."

ಅವರು ಖಾಲಿ ಎಂದದ್ದರಿಂದಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಯಾವ ರೋಲ್‌ನಲ್ಲೂ ಹೆಸರಿಲ್ಲದಿದ್ದರೆ ಚಾರ್ಟ್‌ಗಳ ಜಾಗದಲ್ಲಿ ಎರರ್ ಬರುತ್ತದೆ. ಎರರ್ ಇಲ್ಲದೆ ಬರೀ ಖಾಲಿ ಬಂದರೆ ಅವರು ರೋಲ್‌ನಲ್ಲಿದ್ದಾರೆ, ಆದರೆ ಚಿಕ್ಕ ಟೇಬಲ್‌ನಲ್ಲಿ ಅವರ ಲಾಗಿನ್‌ಗೆ ಹೊಂದುವ ಸಾಲಿಲ್ಲ ಎಂದರ್ಥ. ನಾನು ಆ ಟೇಬಲ್ ತುಂಬಿದ್ದು ಎಚ್‌ಆರ್ ಕೊಟ್ಟ ಮೇಲ್ ಪಟ್ಟಿಯಿಂದ. USERPRINCIPALNAME() ಕೊಡುವುದು ಲಾಗಿನ್ ಹೆಸರನ್ನು, ಮೇಲ್ ವಿಳಾಸವನ್ನಲ್ಲ. ಬಹುತೇಕ ಎಲ್ಲರಿಗೂ ಎರಡೂ ಒಂದೇ ಇರುವುದರಿಂದ ಈ ವ್ಯತ್ಯಾಸ ನಮಗೆ ಕಾಣುವುದಿಲ್ಲ. ಮೈಸೂರಿನವರ ಮೇಲ್ ವಿಳಾಸ ಹೋದ ವರ್ಷ ಬದಲಾಗಿತ್ತು, ಲಾಗಿನ್ ಹೆಸರು ಹಳೆಯದೇ ಉಳಿದಿತ್ತು.

ಊಹೆ ಮಾಡುತ್ತಾ ಕೂರುವ ಬದಲು ರಿಪೋರ್ಟಿನ ಕೆಳಗೆ ಒಂದು ಚಿಕ್ಕ ಕಾರ್ಡ್ ಇಟ್ಟೆ:

```
Who = USERPRINCIPALNAME()
```

ಅವರು ಅಲ್ಲಿ ಕಂಡದ್ದನ್ನು ಓದಿ ಹೇಳಿದರು, ನಾನು ಟೇಬಲ್ ತಿದ್ದಿ ರಿಫ್ರೆಶ್ ಮಾಡಿದೆ. ಆ ಕಾರ್ಡ್ ಈಗಲೂ ಅಲ್ಲೇ ಇದೆ. ಯಾರಾದರೂ ಖಾಲಿ ಬರ್ತಿದೆ ಎಂದರೆ ನಾನು ಮೊದಲು ಕೇಳುವುದು ಅದನ್ನೇ.

ಮೀಟಿಂಗ್ ಶುರುವಾಯಿತು. ಹತ್ತೇ ನಿಮಿಷಕ್ಕೆ ದಾವಣಗೆರೆಯವರು ಕೇಳಿದರು: "ರಾಜ್ಯದಲ್ಲಿ ನಮ್ಮ ಪಾಲು ನೂರಕ್ಕೆ ನೂರು ಅಂತಿದೆಯಲ್ಲಾ?" ಆರೂ ಜನರಿಗೂ ಹಾಗೇ ಇತ್ತು. ಎಲ್ಲರ ಪಾಲೂ 100 ಶೇಕಡಾ.

ಪಾಲು ಲೆಕ್ಕ ಹಾಕಲು ನಾನು ALL ಬಳಸಿದ್ದೆ. ಸ್ಲೈಸರ್‌ನಲ್ಲಿ ಏನೇ ಆರಿಸಿರಲಿ, ಅದನ್ನು ಬಿಟ್ಟು ಒಟ್ಟು ಕೊಡು ಎಂದು ALL ಹೇಳುತ್ತದೆ. ನನ್ನ ಲಾಗಿನ್‌ನಲ್ಲಿ ಅದು ಸರಿಯಾಗಿಯೇ ಬರುತ್ತಿತ್ತು, ಯಾಕೆಂದರೆ ನನಗೆ ಬೇಲಿಯಿಲ್ಲ. ರೋಲ್‌ನ ಫಿಲ್ಟರ್ ಸ್ಲೈಸರ್‌ನಂತಲ್ಲ. ಅದು ಲೆಕ್ಕ ಶುರುವಾಗುವ ಮೊದಲೇ ಸಾಲುಗಳನ್ನು ತೆಗೆದುಹಾಕಿರುತ್ತದೆ. ದಾವಣಗೆರೆಯವರಿಗೆ ಇರುವ ಲೋಕವೇ ದಾವಣಗೆರೆ. ಅಲ್ಲಿ ALL ಎಂದರೂ ದಾವಣಗೆರೆಯೇ. ಹಾಗಿರುವುದೇ ಸರಿ ಕೂಡ. ಒಂದು ಫಾರ್ಮುಲಾ ಬರೆದು ಬೇಲಿ ದಾಟುವಂತಿದ್ದರೆ ಅದಕ್ಕೆ ಬೇಲಿ ಎನ್ನಲಾಗುತ್ತದೆಯೇ?

ಆದರೆ ತಮ್ಮ ಪಾಲು ಎಷ್ಟು ಎಂದು ಅವರು ಕೇಳಿದ್ದು ನ್ಯಾಯವೇ ಅಲ್ವಾ? ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ತಿಂಗಳು ಮತ್ತು ಪಂಪ್‌ನ ಬಗೆ ಹಿಡಿದು ರಾಜ್ಯದ ಒಟ್ಟು ಮೊತ್ತದ ಒಂದು ಬೇರೆ ಟೇಬಲ್ ಮಾಡಿದೆ. ಅದರಲ್ಲಿ ರೀಜನ್ ಇಲ್ಲ, ಡೀಲರ್ ಇಲ್ಲ. ರೀಜನ್ ಟೇಬಲ್ ಜೊತೆ ಅದಕ್ಕೆ ಸಂಬಂಧವನ್ನೂ ಹಾಕಲಿಲ್ಲ. ಇಂಥ ಟೇಬಲ್ ರಿಫ್ರೆಶ್ ಆಗುವಾಗಲೇ ತಯಾರಾಗುತ್ತದೆ, ಆಗ ಯಾರ ಬೇಲಿಯೂ ಇರುವುದಿಲ್ಲ. ಮಂಗಳೂರಿನವರು ತೆರೆದರೆ ಮೇಲೆ ಅವರ ಮಾರಾಟ, ಉದಾಹರಣೆಗೆ 84 ಲಕ್ಷ. ಕೆಳಗೆ ಈ ಟೇಬಲ್‌ನಿಂದ 6 ಕೋಟಿ. ಪಾಲು 14 ಶೇಕಡಾ. ಬೇರೆ ಯಾರ ಸಾಲೂ ಅವರ ಕಡೆ ಹೋಗಿಲ್ಲ.

ಖುಷಿಯಿಂದ ಮುಗಿಸುವ ಹೊತ್ತಿಗೆ ಒಂದು ಯೋಚನೆ ಬಂತು. ಒಂದು ಬಗೆಯ ಓಪನ್‌ವೆಲ್ ಪಂಪ್ ಅನ್ನು ನಾವು ಮಾರುವುದು ಮಂಗಳೂರು ಮತ್ತು ಶಿವಮೊಗ್ಗದಲ್ಲಿ ಮಾತ್ರ. ಅದರ ರಾಜ್ಯದ ಒಟ್ಟು 50 ಲಕ್ಷ, ಮಂಗಳೂರಿನದು 30 ಲಕ್ಷ ಎಂದಿಟ್ಟುಕೊಳ್ಳಿ. ಶಿವಮೊಗ್ಗದ್ದು 20 ಎಂದು ಯಾರಿಗಾದರೂ ಗೊತ್ತಾಗುತ್ತದೆ. ಸಾಲುಗಳನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಒಂದು ಕಳೆಯುವ ಲೆಕ್ಕ ಎಲ್ಲವನ್ನೂ ಬಯಲು ಮಾಡುತ್ತದೆ. ಆರು ರೀಜನ್‌ಗಳ ಮೊತ್ತದಲ್ಲಿ ಹೀಗಾಗುವುದಿಲ್ಲ, ಎರಡರ ಮೊತ್ತದಲ್ಲಿ ಆಗಿಯೇ ಆಗುತ್ತದೆ. ಹಾಗಾಗಿ ಮೂರಕ್ಕಿಂತ ಕಡಿಮೆ ರೀಜನ್‌ಗಳಲ್ಲಿ ಮಾರುವ ಬಗೆಗಳನ್ನು ಆ ಟೇಬಲ್‌ನಿಂದಲೇ ಬಿಟ್ಟೆ. ರಿಪೋರ್ಟಿನಲ್ಲಿ ಬಚ್ಚಿಟ್ಟರೆ ಸಾಲದು, ಟೇಬಲ್‌ನಲ್ಲೇ ಇರಬಾರದು. ಡಿಸ್ಕೌಂಟ್‌ನ ಮೊತ್ತವನ್ನು ಆ ಟೇಬಲ್‌ಗೆ ತರಲೇ ಇಲ್ಲ.

ಸಂಜೆ ಉಳಿದದ್ದು ಒಂದೇ ಕೆಲಸ. ಶನಿವಾರದಿಂದ ಸೋಮವಾರದವರೆಗೆ ಯಾರು ಏನು ನೋಡಿದರು ಎಂದು ತಿಳಿಯಬೇಕಿತ್ತು. ನಮ್ಮ ಐಟಿಯವರನ್ನು ಕೇಳಿ ಆಕ್ಟಿವಿಟಿ ಲಾಗ್ ತರಿಸಿದೆ. ಯಾರು ಯಾವ ರಿಪೋರ್ಟ್ ತೆರೆದರು, ಎಕ್ಸ್‌ಪೋರ್ಟ್ ಮಾಡಿದರೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆ ಎರಡು ದಿನದಲ್ಲಿ ರಿಪೋರ್ಟ್ ತೆರೆದವರು ಇಬ್ಬರು: ಮಂಗಳೂರಿನವರು ಮತ್ತು ಕಲಬುರಗಿಯವರು. ಎಕ್ಸ್‌ಪೋರ್ಟ್ ಒಂದೂ ಇರಲಿಲ್ಲ.

ಹುಬ್ಬಳ್ಳಿಯವರಿಗೆ ಫೋನ್ ಮಾಡಿದೆ. ಅವರ ಡೀಲರ್‌ಗಳ ಡಿಸ್ಕೌಂಟ್ ಎರಡು ದಿನ ತೆರೆದಿತ್ತು, ಇಬ್ಬರು ರಿಪೋರ್ಟ್ ತೆರೆದಿದ್ದಾರೆ, ಯಾರೂ ಎಕ್ಸ್‌ಪೋರ್ಟ್ ಮಾಡಿಲ್ಲ, ತಪ್ಪು ನಮ್ಮ ಕಡೆಯದು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೇಳಿದ್ದು ಛಲೋ ಆತು," ಎಂದರು. "ನಾಳೆ ಒಬ್ಬ ಡೀಲರ್ ಬರಾಂವ ಅದಾನ, ಕಲಬುರಗ್ಯಾಗೂ ಅವಂದೊಂದು ಅಂಗಡಿ ಐತಿ. ಏನರ ಕೇಳಿದ್ರ ಎಲ್ಲಿಂದ ಗೊತ್ತಾತು ಅನ್ನೋದು ನನಗ ತಿಳಿದಿರ್ತದ."

ಮಾರನೆಯ ದಿನ ಸಂಜೆ ನಾನೇ ಅವರಿಗೆ ಫೋನ್ ಮಾಡಿ ವಿಚಾರಿಸಿದೆ. ಡೀಲರ್ ಬಂದಿದ್ದ, ಹಳೆಯ ರೇಟಿಗೇ ಆರ್ಡರ್ ಕೊಟ್ಟು ಹೋದನಂತೆ.