ಒಂದು ‘ದೆಸು’ ತಂದ ತೊಂದರೆ: ಜಪಾನಿ ಗುಣವಾಚಕಗಳ ಬಗ್ಗೆ ಕೆಲಸದಲ್ಲಿ ಕಲಿತದ್ದು

ಬೆಂಗಳೂರಿನ ಹೊರವಲಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಜಪಾನಿ ಅನುವಾದಕಿ. ಲೈನಿನಲ್ಲಿ ಏನೇ ತೊಂದರೆಯಾದರೂ ಅದರ ವರದಿಯನ್ನು ಜಪಾನಿನ ಗ್ರಾಹಕರಿಗೆ ಅವರ ಭಾಷೆಯಲ್ಲಿ ಬರೆದು ಕಳಿಸುವುದು ನನ್ನ ಕೆಲಸ. ಸೇರಿದ ಮೊದಲ ವರ್ಷದ ಒಂದು ವರದಿಯ ಕಥೆ ಇದು.

ರಾತ್ರಿ ಪಾಳಿಯಲ್ಲಿ ಒಂದು ಕುಲುಮೆಯ ಉಷ್ಣತೆ 850 ಡಿಗ್ರಿಯಲ್ಲಿ ಇರಬೇಕಾದದ್ದು 870ಕ್ಕೆ ಏರಿತ್ತು. ಎರಡು ಗಂಟೆಯಲ್ಲಿ ಸರಿಪಡಿಸಿದರು. ಬೆಳಿಗ್ಗೆ ನಾನು ಬರೆದ ಮೊದಲ ಸಾಲು: ‘ರೊ ನೊ ಒಂದೊ ಗ ತಕಇ ದೆಸು’. ರೊ ಅಂದರೆ ಕುಲುಮೆ, ಒಂದೊ ಅಂದರೆ ಉಷ್ಣತೆ, ತಕಇ ಅಂದರೆ ಎತ್ತರ ಅಥವಾ ಜಾಸ್ತಿ. (ಕೇಳುವಾಗ ‘ತಕೈ’ ಅನ್ನಿಸುತ್ತದೆ. ಕೊನೆಯ ‘ಇ’ ಬೇರೆಯಾಗಿ ಕಾಣಲಿ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.)

ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಇಮ ಮೊ ತಕಇ ದೆಸು ಕ?’ ಈಗಲೂ ಜಾಸ್ತಿ ಇದೆಯಾ? ಜೊತೆಗೆ, ಆ ಕುಲುಮೆಯಿಂದ ಬಂದ ಮಾಲನ್ನು ಸದ್ಯ ಕಳಿಸಬೇಡಿ ಅಂತ ಸೂಚನೆ. ರಾತ್ರಿಯ ಮಾಲನ್ನು ನಾವು ಆಗಲೇ ಬೇರೆ ಇಟ್ಟಿದ್ದೆವು. ಈಗ ಬೆಳಗಿನ ಒಳ್ಳೆಯ ಮಾಲೂ ನಿಂತಿತು. ಹೊರಡಬೇಕಿದ್ದ ಲಾರಿ ಮಧ್ಯಾಹ್ನದವರೆಗೆ ಗೇಟಿನ ಬಳಿ ಕಾಯಿತು.

‘ಜಾಸ್ತಿ ಇತ್ತು’ ಅನ್ನಬೇಕಾದಲ್ಲಿ ನಾನು ‘ಜಾಸ್ತಿ ಇದೆ’ ಅಂದಿದ್ದೆ. ಭೂತಕಾಲ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಮೊದಲು ನನ್ನ ಬೆರಳಿಗೆ ಬಂದದ್ದು ‘ತಕಇ ದೆಶಿತ’. ದೆಸು ಅಂದರೆ ‘ಆಗಿದೆ’, ದೆಶಿತ ಅಂದರೆ ‘ಆಗಿತ್ತು’. ಕನ್ನಡದಲ್ಲಿ ಹೀಗೇ ಅಲ್ವಾ? ‘ಜಾಸ್ತಿ’ ಎನ್ನುವ ಪದ ಇದ್ದ ಹಾಗೇ ಇರುತ್ತದೆ, ಕಾಲವನ್ನು ‘ಇದೆ’, ‘ಇತ್ತು’ ಹೇಳುತ್ತವೆ. ಆದರೆ ‘ತಕಇ ದೆಶಿತ’ ತಪ್ಪು ಅಂತ ತರಗತಿಯಲ್ಲಿ ಹಲವು ಸಲ ತಿದ್ದಿಸಿಕೊಂಡಿದ್ದೆ. ಅದು ನೆನಪಾಗಿ ‘ದೆಶಿತ’ ಅಳಿಸಿ ‘ದೆಸು’ ಹಾಕಿದೆ. ವ್ಯಾಕರಣ ಸರಿಯಾಯಿತು, ಸುದ್ದಿ ತಪ್ಪಾಯಿತು.

ಆಗಬೇಕಿದ್ದದ್ದು ‘ತಕಕತ್ತ ದೆಸು’. ತಕಇ ಥರದ್ದನ್ನು ಇ-ಗುಣವಾಚಕ ಅನ್ನುತ್ತಾರೆ. ಇದು ಕ್ರಿಯಾಪದದ ಹಾಗೆ ತಾನೇ ರೂಪ ಬದಲಿಸುತ್ತದೆ. ಕೊನೆಯ ‘ಇ’ ತೆಗೆದು ‘ಕತ್ತ’ ಹಚ್ಚಿದರೆ ಭೂತಕಾಲ: ತಕಕತ್ತ. ‘ಕುನಇ’ ಹಚ್ಚಿದರೆ ನಿಷೇಧ: ತಕಕುನಇ, ಜಾಸ್ತಿ ಇಲ್ಲ. ಆ ‘ನಇ’ ಕೂಡ ಇದೇ ಜಾತಿಯದು, ಹಾಗಾಗಿ ಅದರ ‘ಇ’ ತೆಗೆದು ಮತ್ತೆ ‘ಕತ್ತ’ ಹಚ್ಚಬಹುದು: ತಕಕುನಕತ್ತ, ಜಾಸ್ತಿ ಇರಲಿಲ್ಲ. ಕಾಲವೆಲ್ಲ ಪದದ ಒಳಗೇ ಮುಗಿದು ಹೋಯಿತು. ಆಮೇಲೆ ಬರುವ ‘ದೆಸು’ ಇಲ್ಲಿ ಬರೀ ಮರ್ಯಾದೆಗೆ, ನಮ್ಮ ಮಾತಿನ ಕೊನೆಯ ‘ರೀ’ ಇದ್ದ ಹಾಗೆ. ಅದಕ್ಕೆ ಕಾಲ ಹೊರುವ ಕೆಲಸ ಇಲ್ಲ.

ಇನ್ನೊಂದು ಜಾತಿ ನ-ಗುಣವಾಚಕ. ಇದು ತಾನು ಬದಲಾಗುವುದಿಲ್ಲ, ಎಲ್ಲವನ್ನೂ ತನ್ನ ಆಮೇಲೆ ಬರುವ ಪದಕ್ಕೆ ಬಿಡುತ್ತದೆ. ‘ಕಿರೆಇ’ ಅಂದರೆ ಚೊಕ್ಕಟ, ಚೆಂದ. ‘ಕಿರೆಇ ದೆಸು’ ಅಂದರೆ ಚೊಕ್ಕಟವಾಗಿದೆ, ‘ಕಿರೆಇ ದೆಶಿತ’ ಅಂದರೆ ಚೊಕ್ಕಟವಾಗಿತ್ತು. ಇಲ್ಲಿ ‘ದೆಶಿತ’ ಸರಿ, ಬೇಕೇ ಬೇಕು. ‘ಚೊಕ್ಕಟವಾಗಿರಲಿಲ್ಲ’ ಅನ್ನಲು ಮಾತಿನಲ್ಲಿ ‘ಕಿರೆಇ ಜನಕತ್ತ’, ವರದಿಯಲ್ಲಿ ‘ಕಿರೆಇ ದೆವ ಅರಿಮಸೆನ್ ದೆಶಿತ’.

ನಾಮಪದದ ಮುಂದೆ ಕೂರಿಸುವಾಗ ಈ ಎರಡು ಜಾತಿ ಕಣ್ಣಿಗೇ ಬೇರೆಯಾಗಿ ಕಾಣುತ್ತವೆ. ಇ-ಗುಣವಾಚಕ ನೇರ ಅಂಟಿಕೊಳ್ಳುತ್ತದೆ: ‘ತಕಇ ಒಂದೊ’, ಜಾಸ್ತಿ ಉಷ್ಣತೆ. ಮತ್ತೊಂದಕ್ಕೆ ನಡುವೆ ‘ನ’ ಬೇಕು: ‘ಕಿರೆಇ ನ ಹ್ಯೋಮೆನ್’, ಚೊಕ್ಕಟವಾದ ಮೇಲ್ಮೈ. ಈ ‘ನ’ ನನ್ನ ತಲೆಯಲ್ಲಿ ಕೂತದ್ದು ಕನ್ನಡದ ಮೂಲಕ. ‘ಹೊಸ ಮನೆ’, ‘ದೊಡ್ಡ ಮನೆ’ ಅನ್ನುತ್ತೇವೆ, ನಡುವೆ ಏನೂ ಬೇಡ. ಆದರೆ ‘ವಿಶಾಲವಾದ ಮನೆ’ ಅನ್ನುವಾಗ ‘ಆದ’ ಬರುತ್ತದೆ. ಕ್ರಿಯೆಯ ಮುಂದೆ ಬಂದರೆ ಆ ‘ಆದ’ ‘ಆಗಿ’ ಆಗುತ್ತದೆ. ಜಪಾನಿಯಲ್ಲೂ ‘ನ’ ಹೋಗಿ ‘ನಿ’ ಬರುತ್ತದೆ: ‘ಕಿರೆಇ ನಿ ಫುಇತೆ ಕುದಸಇ’, ಚೊಕ್ಕಟವಾಗಿ ಒರೆಸಿ. ನಮ್ಮಲ್ಲಿ ‘ಆದ’ ಬೇಡುವ ಪದಗಳಲ್ಲಿ ಬಹಳಷ್ಟು ಸಂಸ್ಕೃತದಿಂದ ಬಂದವು. ಜಪಾನಿಯಲ್ಲಿ ‘ನ’ ಬೇಡುವವುಗಳಲ್ಲಿ ಬಹಳಷ್ಟು ಚೀನಾದಿಂದ ಬಂದವು. ಇದು ಹೊಳೆದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಈ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ನಾವು ‘ವಿಶಾಲ ಮನೆ’ ಅಂತ ‘ಆದ’ ಬಿಟ್ಟೂ ಹೇಳುತ್ತೇವೆ. ‘ಕಿರೆಇ ಹ್ಯೋಮೆನ್’ ಅಂತ ‘ನ’ ಬಿಟ್ಟರೆ ಜಪಾನಿ ಕಿವಿಗೆ ವಾಕ್ಯ ಮುರಿದ ಹಾಗೆ. ‘ನ’ ಬರುವುದು ಈಗಿನ ಕಾಲದ ‘ಹೌದು’ ರೂಪಕ್ಕೆ ಮಾತ್ರ ಅನ್ನುವುದೂ ನೆನಪಿರಲಿ. ‘ಚೊಕ್ಕಟವಾಗಿದ್ದ ಮೇಲ್ಮೈ’ ಅಂದರೆ ‘ಕಿರೆಇ ದತ್ತ ಹ್ಯೋಮೆನ್’. ‘ಚೊಕ್ಕಟವಲ್ಲದ ಮೇಲ್ಮೈ’ ಅಂದರೆ ‘ಕಿರೆಇ ಜನಇ ಹ್ಯೋಮೆನ್’. ಕೊನೆಯಲ್ಲಿ ‘ನಇ’ ಬಂದ ಕೂಡಲೇ ಅದು ಇ-ಗುಣವಾಚಕದ ಹಾಗೆ ನೇರ ಅಂಟುತ್ತದೆ.

‘ಕಿರೆಇ’ ಕೊನೆಯಲ್ಲೂ ‘ಇ’ ಇದೆಯಲ್ಲ ಅಂತ ನೀವು ಕೇಳಬಹುದು. ಎಲ್ಲರೂ ಜಾರುವುದು ಅಲ್ಲೇ. ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗ ಫೋನಿನಲ್ಲಿ ‘ಹ್ಯೋಮೆನ್ ಗ ಕಿರೆಕುನಇ’ ಅಂದುಬಿಟ್ಟ. ಆಮೇಲೆ ಬಂದು, “ಅಕ್ಕಾ, ‘ಇ’ ಇದ್ದರೆ ತೆಗೆದು ‘ಕುನಇ’ ಹಾಕು ಅಂತ ನೀವೇ ಹೇಳಿದ್ರಲ್ಲ?” ಅಂತ ಕೇಳಿದ. ಅವನಿಗೆ ಹೇಳಿಕೊಟ್ಟದ್ದು ಇದು: ಆ ‘ಇ’ಯ ಹಿಂದಿನ ಸ್ವರ ನೋಡು. ಅಲ್ಲಿ ‘ಎ’ ಇದ್ದರೆ, ಅಂದರೆ ಪದ ‘ಎಇ’ ಅಂತ ಮುಗಿದರೆ, ಅದು ಇ-ಗುಣವಾಚಕ ಅಲ್ಲವೇ ಅಲ್ಲ. ಕಿರೆಇ, ತೆಇನೆಇ (ನಾಜೂಕು, ವಿನಯ), ಯೂಮೆಇ (ಪ್ರಸಿದ್ಧ) ಮೂರೂ ‘ನ’ ಜಾತಿ. ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ ಬರೆದರೆ ಇವುಗಳ ಕೊನೆಯ ‘ಇ’ ಅಕ್ಷರದ ಒಳಗೇ ಅಡಗಿರುತ್ತದೆ. ‘ತಕಇ’ಯಲ್ಲಿ ‘ಇ’ ಕಾಂಜಿಯ ಹೊರಗೆ, ಬೇರೆಯಾಗಿ ನಿಂತಿರುತ್ತದೆ. ಹೊರಗೆ ಇರುವುದನ್ನು ತಾನೇ ಕಿತ್ತು ಬೇರೆ ಹಚ್ಚಲು ಆಗುವುದು?

ಆದರೆ ‘ಎಇ’ ಇಲ್ಲದ ಮಾತ್ರಕ್ಕೆ ಅದು ಇ-ಗುಣವಾಚಕ ಅಂತ ತೀರ್ಮಾನಿಸಬೇಡಿ. ‘ಯಕ್ಕಇ’ ಅಂದರೆ ತಲೆನೋವಿನ. ಕಾರ್ಖಾನೆಯಲ್ಲಿ ಬೇಕಾಗುವ ಪದವೇ. ಅದು ‘ಯಕ್ಕಇ ನ ಮೊಂದಇ’, ತಲೆನೋವಿನ ಸಮಸ್ಯೆ. ‘ಕಿರಇ’ (ಇಷ್ಟವಿಲ್ಲದ) ಇನ್ನೂ ಮೋಸದ್ದು: ಅದರ ‘ಇ’ ಕಾಂಜಿಯ ಹೊರಗಿದ್ದರೂ ಅದು ‘ನ’ ಜಾತಿ. ಇಂಥವನ್ನು ಒಂದು ನಾಮಪದ ಸೇರಿಸಿಯೇ ಬಾಯಿಪಾಠ ಮಾಡಿದರೆ ‘ನ’ ಜೊತೆಗೇ ನೆನಪಿರುತ್ತದೆ.

ಈಗ ವರದಿ ಕಳಿಸುವ ಮೊದಲು ಕಂಪ್ಯೂಟರಿನಲ್ಲಿ `いでした` ಅಂತ ಹುಡುಕುತ್ತೇನೆ. ಅದು ‘ಇ ದೆಶಿತ’. ‘ತಕಇ ದೆಶಿತ’ ಸಿಕ್ಕರೆ ತಿದ್ದುತ್ತೇನೆ. ‘ಕಿರಇ ದೆಶಿತ’ ಸಿಕ್ಕರೆ ಮುಟ್ಟುವುದಿಲ್ಲ. ಆದರೆ ನನ್ನ ಆ ಮೊದಲ ತಪ್ಪು ಈ ಹುಡುಕಾಟಕ್ಕೆ ಸಿಗುವುದಿಲ್ಲ, ‘ತಕಇ ದೆಸು’ ವ್ಯಾಕರಣದ ಪ್ರಕಾರ ಸರಿಯಾದ ವಾಕ್ಯವೇ ತಾನೆ. ಅದಕ್ಕೆ ಪಾಳಿಯವರ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಪ್ರತಿ ‘ದೆಸು’ ಮುಂದೆ ನಿಂತು, ಇದು ಈಗಿನ ಮಾತೋ ನಿನ್ನೆಯದೋ ಅಂತ ನೋಡುತ್ತೇನೆ.