ಅರಿಶಿನ ಬಣ್ಣದ ಕುರ್ತಾ

ರಾತ್ರಿ ಮಂಡ್ಯದಿಂದ ತಂಗಿ ನಿಲುಗನ್ನಡಿ ಮುಂದೆ ತೆಗೆದ ಫೋಟೋ ಕಳಿಸಿದ್ದಳು. "ಅಕ್ಕ, ಈ ಬಣ್ಣಕ್ಕೆ ಮುಖ ಕಳೆಗುಂದಿದೆ, ಭುಜವೂ ಸರಿ ಕೂತಿಲ್ಲ. ವಾಪಸ್ ಕೊಡ್ಲಾ?"

ಹಳದಿ ಬಲ್ಬಿನ ಕೆಳಗೆ ಯಾರ ಚರ್ಮವೂ ಹಳದಿಗೇ ವಾಲುತ್ತೆ, ಅದರಲ್ಲಿ ಅಂಡರ್‌ಟೋನ್, ಅಂದ್ರೆ ಚರ್ಮದೊಳಗಿಂದ ಕಾಣೋ ಛಾಯೆ, ಹೇಳೋಕಾಗಲ್ಲ. ಬೆಳಿಗ್ಗೆ ದೀಪ ಆರಿಸಿ, ಕಿಟಕಿ ಕಡೆ ಮುಖ ಮಾಡಿ, ಕತ್ತಿನ ಹತ್ರ ಒಂದು ಬಿಳಿ ಹಾಳೆ ಹಿಡಿದು ಮತ್ತೆ ತೆಗಿ ಅಂದೆ. ಫೋಟೋದಲ್ಲೂ ಹಾಳೆ ಬೆಳ್ಳಗಿದ್ರೆ ಮಾತ್ರ ಚರ್ಮದ ಬಣ್ಣ ನಂಬಬಹುದು.

ಹಾಳೆ ಬೆಳ್ಳಗೇ ಬಂತು. ಅದರ ಪಕ್ಕ ಅವಳ ಕತ್ತು ಹೊಂಬಣ್ಣಕ್ಕೆ ತಿರುಗಿತ್ತು, ಅಂದ್ರೆ ವಾರ್ಮ್ ಅಂಡರ್‌ಟೋನ್. ಅರಿಶಿನ ಅವಳಿಗೆ ಚೆನ್ನಾಗಿ ಒಪ್ಪಿತ್ತು, ಕಣ್ಣ ಕೆಳಗಿನ ಕಪ್ಪೂ ಎದ್ದು ಕಾಣಲಿಲ್ಲ. ಎಷ್ಟು ಜನ ಬಲ್ಬಿನ ತಪ್ಪಿಗೆ ತಮ್ಮ ಮೈಬಣ್ಣನ ದೂರಿಕೊಂಡಿದ್ದಾರೋ ಅನ್ನಿಸಿ, ಮೈಸೂರಲ್ಲಿ ಕೂತ ನನಗೆ ಬೇಜಾರಾಯ್ತು.

ಭುಜದ ಮಾತು ಬೇರೆ. ಫೋನ್ ಹಿಡಿದ ಕೈ ಎತ್ತಿದಾಗ ಆ ಕಡೆಯ ಬಟ್ಟೆ ಕತ್ತಿನತ್ತ ಸರಿಯುತ್ತೆ, ಹಾಗಾಗಿ ಇಳಿಬಿಟ್ಟ ಕೈಯ ಭುಜ ನೋಡಬೇಕು. ರಾತ್ರಿಯ ಫೋಟೋದಲ್ಲಿ ಆ ಕಡೆ ತೋಳಿನ ಹೊಲಿಗೆ ಭುಜದ ಮೂಳೆಯ ತುದಿ ದಾಟಿ ಒಂದು ಬೆರಳಗಲ ಕೆಳಗಿತ್ತು. ಅದು ನಿಜವಾದ ದೋಷ. ಎದೆ, ಸೊಂಟದ ಹತ್ರ ಅಡ್ಡ ಸುಕ್ಕಿಲ್ಲ, ಅಂದ್ರೆ ಅಲ್ಲಿ ಬಿಗಿಯಾಗಿಲ್ಲ. ಟೈಲರ್ ತೋಳು ಬಿಚ್ಚಿ ಭುಜ ಒಳಗೆ ತೆಗೆದು ಹೊಲಿದ್ರೆ ಸಾಕು.

ವಾಪಸ್ ಬೇಡ ಅಂದೆ. ಸಂಜೆ ಟೈಲರ್ ಹತ್ರ ಹೋಗ್ತಾಳಂತೆ.