ಏಳು ಚುಕ್ಕಿಗಳ ಮೇಲೆ ಒಂದು ಕೂಡಿಸುವ ನಿಯಮ

"ಎಲಿಪ್ಟಿಕ್ ಕರ್ವ್ ಮೇಲೆ ಎರಡು ಬಿಂದು ತಗೊಂಡು ಗೆರೆ ಎಳೀರಿ ಅಂತಾರೆ, ಸರಿ. ಆದರೆ ಒಂದು ಅವಿಭಾಜ್ಯ ಸಂಖ್ಯೆಯ ಶೇಷಗಳಲ್ಲಿ ಲೆಕ್ಕ ಮಾಡುವಾಗ ಅಲ್ಲಿ ಇರೋದು ಬರೀ ಚುಕ್ಕಿಗಳು. ಗೆರೆ ಎಲ್ಲಿಂದ ಬಂತು? ಅದು ಗ್ರೂಪ್ ಆಗುತ್ತೆ ಅಂತ ನಂಬೋದು ಹೇಗೆ?"

ಚಿತ್ರ ಮರೆತುಬಿಡಿ. ಗೆರೆ ಅಂದರೆ ಇಲ್ಲಿ y = sx + c ಅನ್ನುವ ಸಮೀಕರಣ, ನೆಟ್ಟಗೆ ಮೇಲೆ ಹೋಗುವ ಗೆರೆಯಾದರೆ x = c, ಅಷ್ಟೇ. ಅದಕ್ಕೆ ಹಾಳೆಯೂ ಬೇಡ, ಸ್ಕೇಲೂ ಬೇಡ. ಕೂಡಿಸಲು, ಕಳೆಯಲು, ಗುಣಿಸಲು, ಭಾಗಿಸಲು ಬಂದರೆ ಸಾಕು. ಅವಿಭಾಜ್ಯ ಸಂಖ್ಯೆಯ ಶೇಷಗಳಲ್ಲಿ ಈ ನಾಲ್ಕೂ ಬರುತ್ತವೆ. ಇನ್ನು ಗ್ರೂಪ್ ಆಗೋದು ಅಂದರೆ ಬಿಂದುಗಳನ್ನು ಕೂಡಿಸುವ ನಿಯಮಕ್ಕೆ ಒಂದು ಸೊನ್ನೆ ಇರಬೇಕು, ಪ್ರತಿ ಬಿಂದುವಿಗೂ ವಿಲೋಮ ಇರಬೇಕು, ಆವರಣ ಎಲ್ಲಿ ಹಾಕಿದರೂ ಮೊತ್ತ ಒಂದೇ ಬರಬೇಕು.

ಪುಟ್ಟದೊಂದು ಉದಾಹರಣೆಯನ್ನೇ ಕೊನೆತನಕ ಹಿಡಿಯೋಣ. ಬಿಟ್‌ಕಾಯಿನ್ ಬಳಸುವ secp256k1 ಅನ್ನುವ ಎಲಿಪ್ಟಿಕ್ ಕರ್ವ್‌ನ ಸಮೀಕರಣ y² = x³ + 7. ಅಲ್ಲಿ ಅವಿಭಾಜ್ಯ ಸಂಖ್ಯೆ 256 ಬಿಟ್‌ಗಳಷ್ಟು ದೊಡ್ಡದು. ನಾವು ಅದೇ ಸಮೀಕರಣ ಇಟ್ಟುಕೊಂಡು 13 ತಗೊಳ್ಳೋಣ. 13ರ ಶೇಷಗಳಲ್ಲಿ ಘನಗಳು 0, 1, 5, 8, 12 ಮಾತ್ರ. ಇವಕ್ಕೆ 7 ಸೇರಿಸಿದರೆ 7, 8, 12, 2, 6. ಇವುಗಳಲ್ಲಿ ವರ್ಗಸಂಖ್ಯೆ ಆಗಿರುವುದು 12 ಒಂದೇ, ಯಾಕೆಂದರೆ 5 × 5 = 25, ಅಂದರೆ 12; ಹಾಗೆಯೇ 8 × 8 = 64, ಅದೂ 12. ಹಾಗಾಗಿ x³ = 5 ಆಗಬೇಕು, ಅದು x = 7, 8, 11 ಇದ್ದಾಗ ಆಗುತ್ತದೆ. ಒಟ್ಟು ಆರು ಬಿಂದುಗಳು ಸಿಕ್ಕವು: (7,5), (7,8), (8,5), (8,8), (11,5), (11,8). ಜೊತೆಗೆ ಅನಂತದಲ್ಲಿ ಒಂದು ಬಿಂದು ಇದೆ ಅಂದುಕೊಳ್ಳುತ್ತೇವೆ, ಅದು O. ಎಲ್ಲ ನೆಟ್ಟನೆಯ ಗೆರೆಗಳೂ ಅದರ ಮೂಲಕ ಹೋಗುತ್ತವೆ. ಸೇರಿ ಏಳು.

ಈಗ (7,5) ಮತ್ತು (8,5) ತಗೊಳ್ಳಿ. ಇವೆರಡರ ಗೆರೆ y = 5. ಅದನ್ನು ಸಮೀಕರಣದಲ್ಲಿ ಹಾಕಿದರೆ x³ = 18, ಅಂದರೆ 5. ಮೂರನೆಯ ಉತ್ತರ 11. ಹಾಗಾಗಿ ಗೆರೆ ಕರ್ವ್ ಅನ್ನು ಮುಟ್ಟುವ ಮೂರನೆಯ ಜಾಗ (11,5).

ಇದು ಅದೃಷ್ಟ ಅಲ್ಲ. y = sx + c ಅನ್ನು ಕರ್ವ್‌ನ ಸಮೀಕರಣದಲ್ಲಿ ಹಾಕಿದರೆ x ನ ಒಂದು ಘನ ಸಮೀಕರಣ ಬರುತ್ತದೆ, ಅದರ ಮೂರು ಉತ್ತರಗಳ ಮೊತ್ತ ಯಾವಾಗಲೂ s². ಎರಡು ಉತ್ತರ ನಮ್ಮ ಶೇಷಗಳಲ್ಲೇ ಇದ್ದ ಮೇಲೆ ಮೂರನೆಯದು s² − x₁ − x₂, ಅದು ಹೊರಗೆ ಹೋಗಲು ಜಾಗವೇ ಇಲ್ಲ. ಚುಕ್ಕಿಗಳ ನಡುವೆ ಏನೂ ಇಲ್ಲದಿದ್ದರೂ ಗೆರೆ ಕೆಲಸ ಮಾಡೋದು ಇದರಿಂದ. ಎರಡೂ ಬಿಂದು ಒಂದೇ ಆದಾಗ ಸ್ಪರ್ಶರೇಖೆ ತಗೋಬೇಕು, ಅದರ ಇಳಿಜಾರು s = 3x²/2y. (7,5) ಗೆ ಅದು 147/10. 147 ಅಂದರೆ 4. ಇನ್ನು 10 ರಿಂದ ಭಾಗಿಸೋದು ಅಂದರೆ 4 ರಿಂದ ಗುಣಿಸೋದು, ಯಾಕೆಂದರೆ 10 × 4 = 40, ಶೇಷ 1. ಹಾಗಾಗಿ s = 16, ಅಂದರೆ 3. ಮೂರನೆಯ x = 9 − 14 = −5, ಅಂದರೆ 8. ಗೆರೆಯ ಮೇಲೆ ಅಲ್ಲಿನ y = 5 + 3 × (8 − 7) = 8. ಮೂರನೆಯ ಬಿಂದು (8,8). (ಇಲ್ಲಿ ದಶಮಾಂಶದಲ್ಲಿ 14.7 ಅಂತ ಬರೆದು ಸಿಕ್ಕಿಬೀಳುವವರು ಬಹಳ ಜನ.)

ಮೂರನೆಯ ಬಿಂದುವನ್ನೇ ಮೊತ್ತ ಅಂದುಬಿಟ್ಟರೆ ಏನಾಗುತ್ತೆ? ಸುಮ್ನೆ ಯಾಕೆ ಅದನ್ನು ತಲೆಕೆಳಗು ಮಾಡಿ y ಬದಲು −y ಹಾಕಬೇಕು? ಮಾಡಿಯೇ ನೋಡೋಣ. ಆ ತಪ್ಪು ನಿಯಮಕ್ಕೆ * ಗುರುತು ಇಡೋಣ. A = (7,5), B = (7,5), C = (8,5). A*B = (8,8). ಅದಕ್ಕೂ (8,5)ಗೂ ನಡುವೆ ಗೆರೆ ನೆಟ್ಟಗೆ ನಿಲ್ಲುತ್ತದೆ, ಉತ್ತರ O. ಈಗ ಆವರಣ ಬದಲಾಯಿಸಿ: B*C = (11,5). (7,5) ಮತ್ತು (11,5) ರ ಗೆರೆಯ ಮೂರನೆಯ ಬಿಂದು (8,5). ಒಂದು ಕಡೆ O, ಇನ್ನೊಂದು ಕಡೆ (8,5). ಸಹವರ್ತನ ನಿಯಮ ಅಲ್ಲೇ ಮುರಿಯಿತು. ಸೊನ್ನೆಯ ಕೆಲಸ ಮಾಡುವ ಬಿಂದುವೂ ಇಲ್ಲ, O ಜೊತೆ ಸೇರಿಸಿದರೆ ಪ್ರತಿ ಬಿಂದುವೂ ತಲೆಕೆಳಗಾಗುತ್ತದೆ.

ಸರಿಯಾದ ನಿಯಮ ಹೀಗೆ: ಒಂದೇ ಗೆರೆಯ ಮೇಲಿನ ಮೂರು ಬಿಂದುಗಳನ್ನು ಕೂಡಿಸಿದರೆ O. ಅಂದರೆ A + B = ಮೂರನೆಯ ಬಿಂದುವಿನ ತಲೆಕೆಳಗು. ಈಗ ಅದೇ ಮೂವರನ್ನು ಮತ್ತೆ ಕರೆಯಿರಿ. A + B = (8,5). ಅದಕ್ಕೆ C ಸೇರಿಸಿದರೆ (8,5) + (8,5): s = 192/10 = 10 × 4 = 40, ಅಂದರೆ 1; x = 1 − 16 = −15, ಅಂದರೆ 11; ತಿರುಗಿಸಿದ ಮೇಲೆ y = 5. ಉತ್ತರ (11,5). ಇನ್ನೊಂದು ದಾರಿ: B + C = (11,8). ಅದಕ್ಕೆ (7,5) ಸೇರಿಸಿ: s = 3/4 = 3 × 10 = 30, ಅಂದರೆ 4; x = 16 − 18 = −2, ಅಂದರೆ 11; ತಿರುಗಿಸಿದ ಮೇಲೆ y = 5. ಮತ್ತೆ (11,5). ಬೇರೆ ಗೆರೆಗಳು, ಬೇರೆ ಇಳಿಜಾರು, ಕೊನೆಗೆ ಒಂದೇ ಜಾಗ.

ಗ್ರೂಪ್‌ಗೆ ಬೇಕಾದ ಉಳಿದದ್ದೆಲ್ಲ ಪುಕ್ಕಟೆ. A ಇಂದ B ಗೆ ಎಳೆದ ಗೆರೆಯೂ B ಇಂದ A ಗೆ ಎಳೆದ ಗೆರೆಯೂ ಒಂದೇ, ಹಾಗಾಗಿ ಕ್ರಮ ಬದಲಾದರೂ ಮೊತ್ತ ಅದೇ, ಅಂದರೆ ಗ್ರೂಪ್ ಅಬೀಲಿಯನ್. O ಸೊನ್ನೆ, (7,5) ರ ವಿಲೋಮ (7,8). ಕಷ್ಟ ಇರೋದು ಸಹವರ್ತನದಲ್ಲಿ ಮಾತ್ರ. ನಮ್ಮ ಏಳು ಬಿಂದುಗಳಿಗೆ 7 × 7 × 7 = 343 ತ್ರಿವಳಿಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ಮುಗಿಸಬಹುದು. ಆದರೆ ಅದು ಕಾರಣ ಅಲ್ಲ, ಬರೀ ತಪಾಸಣೆ.

ಕಾರಣ ಇದು. ಎರಡು ಘನ ವಕ್ರಗಳು ಒಂಬತ್ತು ಬೇರೆ ಬೇರೆ ಬಿಂದುಗಳಲ್ಲಿ ಸೇರಿದರೆ, ಅವುಗಳಲ್ಲಿ ಎಂಟರ ಮೂಲಕ ಹೋಗುವ ಯಾವ ಘನ ವಕ್ರವೂ ಒಂಬತ್ತನೆಯದನ್ನು ತಪ್ಪಿಸುವ ಹಾಗಿಲ್ಲ. ನಮ್ಮ ಕರ್ವ್ ಒಂದು ಘನ ವಕ್ರ; ಮೂರು ಗೆರೆಗಳ ಸಮೀಕರಣಗಳನ್ನು ಗುಣಿಸಿದರೆ ಅದೂ ಒಂದು ಘನ ವಕ್ರವೇ ಅಲ್ವಾ? (A+B)+C ಲೆಕ್ಕ ಹಾಕಲು A ಮತ್ತು B ರ ಗೆರೆ, A+B ಮತ್ತು C ರ ಗೆರೆ ಬೇಕು. ಇವಕ್ಕೆ B+C ಯಲ್ಲಿ ನಿಲ್ಲುವ ನೆಟ್ಟನೆಯ ಗೆರೆ ಸೇರಿಸಿ. ಇನ್ನೊಂದು ಲೆಕ್ಕಕ್ಕೆ B ಮತ್ತು C ರ ಗೆರೆ, A ಮತ್ತು B+C ರ ಗೆರೆ, ಜೊತೆಗೆ A+B ಯಲ್ಲಿನ ನೆಟ್ಟನೆಯ ಗೆರೆ. ಎರಡೂ ಗುಂಪುಗಳು ಕರ್ವ್ ಅನ್ನು ಮುಟ್ಟುವ ಜಾಗಗಳಲ್ಲಿ ಎಂಟು ಒಂದೇ: A, B, C, O, A+B, B+C, ಮತ್ತು ಕೊನೆಯೆರಡರ ವಿಲೋಮಗಳು. ಮೊದಲ ಗುಂಪಿನ ಒಂಬತ್ತನೆಯ ಬಿಂದುವಿನ ಮೂಲಕ ಎರಡನೆಯ ಗುಂಪೂ ಹೋಗಲೇಬೇಕು. ಆದರೆ ಎರಡನೆಯ ಗುಂಪಿಗೆ ಉಳಿದಿರುವುದು ಒಂದೇ ಜಾಗ. ಹಾಗಾಗಿ ಎರಡೂ ಒಂದೇ, ತಿರುಗಿಸಿದರೂ ಒಂದೇ. ನಮ್ಮ ಉದಾಹರಣೆಯ ಹಾಗೆ ಬಿಂದುಗಳು ಒಂದರ ಮೇಲೊಂದು ಬಿದ್ದಾಗ ಎಷ್ಟು ಸಲ ಮುಟ್ಟಿತು ಅಂತ ಎಣಿಸಬೇಕು. ಆ ಭಾಗ ಕಿರಿಕಿರಿಯದು, ಆದರೆ ಮಾಡಬಹುದು.

ಇದೆಲ್ಲ ನಡೆಯೋದು ಕರ್ವ್‌ನಲ್ಲಿ ಮೊನೆ ಅಥವಾ ಗಂಟು ಇಲ್ಲದಿದ್ದರೆ. ನಮ್ಮದೇ ಸಮೀಕರಣಕ್ಕೆ 13 ಬದಲು 7 ತಗೊಳ್ಳಿ. ಆಗ 7 ಅಂದರೆ 0, ಸಮೀಕರಣ y² = x³ ಆಗಿಬಿಡುತ್ತದೆ. (0,0) ದಲ್ಲಿ 3x²/2y ಹಾಕಿದರೆ 0/0, ಸ್ಪರ್ಶರೇಖೆಯೇ ಸಿಗುವುದಿಲ್ಲ. ಆ ಬಿಂದುವನ್ನು ಆಚೆ ಹಾಕಿದರೆ O ಸೇರಿ ಏಳು ಬಿಂದು ಉಳಿಯುತ್ತವೆ, ಅವು ಗ್ರೂಪ್ ಕೂಡ ಆಗುತ್ತವೆ. ಆದರೆ ಪ್ರತಿ ಬಿಂದುವಿನ x/y ನೋಡಿ: (1,1) ಗೆ 1, (4,1) ಗೆ 4. ಇವೆರಡರ ಮೊತ್ತ (2,6), ಅದರ x/y 5. ಅಂದರೆ ಅಷ್ಟೆಲ್ಲ ಗೆರೆ ಎಳೆದು ಮಾಡಿದ್ದು 1 + 4 = 5. ಅವಿಭಾಜ್ಯ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಇಂಥ ಕರ್ವ್ ಮೇಲೆ ಒಂದು ಬಿಂದುವನ್ನು ಎಷ್ಟು ಸಲ ಕೂಡಿಸಿದೆವು ಅನ್ನುವುದನ್ನು ಗುಟ್ಟಿನ ಕೀ ಆಗಿ ಇಟ್ಟರೆ ಅದನ್ನು ಒಂದು ಭಾಗಾಕಾರದಲ್ಲಿ ಬಿಡಿಸಬಹುದು.